ನೀರು ತಿಳಿಯಾಯ್ತು, ವಾಸನೆ ಹೋಯ್ತು. ಹಾಗಾದರೆ ಒಳಗೆ ಉಳಿದದ್ದೇನು?

ಕಾವೇರಿ ಪೈಪ್‌ಲೈನ್ ಇನ್ನೂ ಸರಿಯಾಗಿ ತಲುಪದ ಬೆಂಗಳೂರಿನ ಅಂಚಿನ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ. ಪಂಪ್ ಪಕ್ಕದಲ್ಲಿ ಆಳೆತ್ತರದ ಎರಡು ಸಿಲಿಂಡರ್‌ಗಳು ಅಣ್ಣತಮ್ಮಂದಿರ ಥರ ನಿಂತಿರುತ್ತವೆ. ಬಣ್ಣ ಒಂದೇ, ಗಾತ್ರ ಒಂದೇ, ಮೇಲೆ ಕೂತಿರುವ ವಾಲ್ವ್ ಕೂಡ ಒಂದೇ. ಒಂದರ ಹೊಟ್ಟೆಯಲ್ಲಿ ಮರಳಿದೆ, ಇನ್ನೊಂದರಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಇದೆ. ನಿವಾಸಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಮಾತ್ರ ಎರಡಕ್ಕೂ ಸೇರಿ ಇರೋದು ಒಂದೇ ಹೆಸರು: ‘ಫಿಲ್ಟರ್’. ಟ್ಯಾಂಕರ್ ನೀರು ಬಗ್ಗಡವಾಗಿದೆ ಎಂದು ಯಾರಾದರೂ ಫೋಟೋ ಹಾಕಿದರೆ ‘ಫಿಲ್ಟರ್ ಇದೆಯಲ್ಲ’ ಅಂತ ಉತ್ತರ ಬರುತ್ತೆ. ಚರಂಡಿ ವಾಸನೆ ಅಂದರೂ ಅದೇ ಉತ್ತರ. ಮಗುವಿನ ಹಾಲಿನ ಪುಡಿಗೆ ಈ ನೀರು ಬಳಸಬಹುದಾ ಎಂದು ಕೇಳಿದರೂ ಅದೇ ಉತ್ತರ.

ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಬಗ್ಗಡ ಅಂದರೆ ನೀರಿನಲ್ಲಿ ತೇಲಾಡುತ್ತಿರುವ ಕಣ. ವಾಸನೆ ಅಂದರೆ ನೀರಿನಲ್ಲಿ ಕರಗಿರುವ, ಆದರೆ ನೀರು ಬಿಟ್ಟು ಗಾಳಿಗೆ ಬರಲು ಕಾಯುತ್ತಿರುವ ವಸ್ತು. ನೈಟ್ರೇಟ್, ಫ್ಲೋರೈಡ್‌ನಂಥವು ನೀರಿನಲ್ಲಿ ಉಪ್ಪಿನ ಹಾಗೆ ಕರಗಿ, ಕಣ್ಣಿಗೂ ಮೂಗಿಗೂ ಸಿಗದೆ ಕೂತಿರುವಂಥವು. ಮರಳು ಮೊದಲನೆಯದನ್ನು ಹಿಡಿಯುತ್ತೆ. ಕಾರ್ಬನ್ ಎರಡನೆಯದನ್ನು ಹಿಡಿಯುತ್ತೆ. ಮೂರನೆಯದನ್ನು ಎರಡೂ ಹಿಡಿಯಲ್ಲ. ಇಷ್ಟು ಗೊತ್ತಿಲ್ಲದೇ ಹೋದಾಗ ಆಗುವ ಅನಾಹುತ ಏನೆಂದರೆ, ನೀರು ನೋಡೋಕೆ, ಮೂಸೋಕೆ ಚೆನ್ನಾಗಾಗುತ್ತೆ, ನಾವು ಪ್ರಶ್ನೆ ಕೇಳೋದನ್ನು ನಿಲ್ಲಿಸುತ್ತೇವೆ.

ಮೊದಲು ಮರಳಿನ ವಿಷಯ. ಮರಳು ಜರಡಿಯ ಹಾಗೆ ಕೆಲಸ ಮಾಡುತ್ತೆ ಅನ್ನೋದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಚಿತ್ರ. ಲೆಕ್ಕ ಹಾಕಿದರೆ ಅದು ನಿಲ್ಲಲ್ಲ. ಫಿಲ್ಟರಿಗೆ ಹಾಕುವ ಮರಳಿನ ಕಾಳು ಸುಮಾರು ಅರ್ಧ ಮಿಲಿಮೀಟರ್‌ನಿಂದ 1 ಮಿಲಿಮೀಟರ್. ಅರ್ಧ ಮಿಲಿಮೀಟರ್ ಕಾಳುಗಳು ಒತ್ತೊತ್ತಾಗಿ ಕೂತರೂ ನಡುವೆ ಉಳಿಯುವ ಸಂದಿ ಸುಮಾರು 0.08 ಮಿಲಿಮೀಟರ್. ಜೇಡಿಮಣ್ಣಿನ ಕಣ 0.002 ಮಿಲಿಮೀಟರ್‌ಗಿಂತ ಸಣ್ಣದು. ಅಂದ್ರೆ ಸಂದಿಯೇ ಕಣಕ್ಕಿಂತ ನಲವತ್ತು ಪಟ್ಟು ದೊಡ್ಡದು. ಮುಖ್ಯದ್ವಾರ ತೆಗೆದಿಟ್ಟು ಸೊಳ್ಳೆ ಬರಬೇಡ ಅಂದ ಹಾಗಾಯ್ತು.

ಹಾಗಿದ್ದೂ ಮರಳು ಒಂದಿಷ್ಟು ಮಣ್ಣನ್ನು ಹಿಡಿಯುತ್ತೆ. ಕಾರಣ, ನೀರು ಒಳಗೆ ನೇರ ದಾರಿಯಲ್ಲಿ ಹರಿಯಲ್ಲ. ಒಂದು ಕಾಳಿನ ಸುತ್ತ ಬಳಸಿ, ಮುಂದಿನದಕ್ಕೆ ತಾಗಿ, ಸಾವಿರಾರು ತಿರುವು ತಿರುಗಿ ಕೆಳಗಿಳಿಯುತ್ತೆ. ಪ್ರತಿ ತಿರುವಿನಲ್ಲೂ ಒಂದಷ್ಟು ಕಣ ಕಾಳಿನ ಮೈಗೆ ಬಡಿದು ಅಂಟಿಕೊಳ್ಳುತ್ತೆ. ಬಡಿಯೋದಷ್ಟೇ ಸಾಲದು, ಅಂಟಬೇಕು. ತೊಂದರೆ ಇರೋದು ಅಲ್ಲೇ. ಜೇಡಿಕಣದ ಮೈಯಲ್ಲಿ ಋಣ ವಿದ್ಯುದಂಶ ಇರುತ್ತೆ, ಮರಳಿನ ಮೈಯಲ್ಲೂ ಅದೇ ಇರುತ್ತೆ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಆದ್ದರಿಂದಲೇ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಮರಳಿಗೆ ಕಳಿಸುವ ಮೊದಲು ನೀರಿಗೆ ಆಲಂ ಬೆರೆಸೋದು, ನಮ್ಮ ಮನೆಗಳಲ್ಲಿ ಪಟಿಕ ಅನ್ನುತ್ತಿದ್ದದ್ದು ಇದನ್ನೇ. ಆಲಂ ಆ ವಿದ್ಯುದಂಶವನ್ನು ತಣ್ಣಗಾಗಿಸುತ್ತೆ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಯಂಥ ಗುಪ್ಪೆಗಳಾಗುತ್ತವೆ. ಮುಕ್ಕಾಲು ಪಾಲು ತಳಕ್ಕೆ ಕೂರುತ್ತೆ, ಉಳಿದದ್ದನ್ನು ಮರಳು ಸುಲಭವಾಗಿ ಹಿಡಿಯುತ್ತೆ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಇದೇ ಕ್ರಮದಲ್ಲಿ ಆಲಂ, ಮರಳು, ಕ್ಲೋರಿನ್ ಹಾದು ಬರೋದು. ನಮ್ಮ ಬೇಸ್‌ಮೆಂಟಿನಲ್ಲಿ ಸಿಲಿಂಡರ್ ಇದೆ, ಆಲಂ ಇಲ್ಲ. ಹಾಗಾಗಿ ದಪ್ಪ ಮಣ್ಣು, ತುಕ್ಕು, ಪೈಪಿನ ಚೂರು ನಿಲ್ಲುತ್ತೆ, ಹಾಲು ಬೆರೆಸಿದಂಥ ಮಸುಕು ಹಾಗೇ ದಾಟಿ ಬರುತ್ತೆ.

ನಿಮ್ಮ ನೀರು ಯಾವ ಥರದ್ದು ಅಂತ ತಿಳಿಯೋಕೆ ಲ್ಯಾಬ್ ಬೇಡ. ಸಂಪಿನ ನೀರನ್ನು ಬಣ್ಣವಿಲ್ಲದ ಒಂದು ಬಾಟಲಿಯಲ್ಲಿ ತುಂಬಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ಗಸಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಮರಳಿನ ಫಿಲ್ಟರ್ ನಿಮ್ಮ ಕೆಲಸಕ್ಕೆ ಬರುತ್ತೆ. ಬೆಳಗ್ಗೆಯೂ ಮಸುಕಾಗೇ ಇದ್ದರೆ ಆಲಂ ಇಲ್ಲದೆ ಮರಳು ಸೋಲುತ್ತೆ. ಇನ್ನೊಂದು ಸಾಧ್ಯತೆಯೂ ಇದೆ, ಬೋರ್‌ವೆಲ್ ಇರುವವರು ಇದನ್ನು ನೋಡಿರುತ್ತಾರೆ. ಹಿಡಿದಾಗ ಕನ್ನಡಿಯಂತಿದ್ದ ನೀರು ಒಂದೆರಡು ಗಂಟೆಯಲ್ಲಿ ಕೆಂಪಗಾಗುತ್ತೆ. ಅದು ಕಬ್ಬಿಣ. ನೆಲದಡಿಯಲ್ಲಿ ಗಾಳಿ ಇಲ್ಲದ ಕಡೆ ಅದು ಕರಗಿಕೊಂಡೇ ಇರುತ್ತೆ, ಗಾಳಿ ಸೋಕಿದ ಮೇಲೆ ತುಕ್ಕಿನ ಕಣವಾಗುತ್ತೆ. ಬೋರ್‌ನಿಂದ ನೇರವಾಗಿ ಮರಳಿನ ಸಿಲಿಂಡರಿಗೆ ಕೊಟ್ಟರೆ ಕರಗಿದ ಕಬ್ಬಿಣ ಆರಾಮಾಗಿ ದಾಟಿ ಹೋಗಿ ಓವರ್‌ಹೆಡ್ ಟ್ಯಾಂಕಿನಲ್ಲಿ ಕೆಂಪಾಗುತ್ತೆ. ಅದೇ ನೀರನ್ನು ಮೊದಲು ಸಂಪಿಗೆ ಎತ್ತರದಿಂದ ಚಿಮ್ಮಿಸಿ ಬಿಟ್ಟು, ಕೆಲ ಗಂಟೆ ನಿಲ್ಲಿಸಿ, ಆಮೇಲೆ ಮರಳಿಗೆ ಕೊಟ್ಟರೆ ಅದರ ಬಹುಪಾಲು ಹಿಡಿಯಬಹುದು. ಫಿಲ್ಟರ್ ಅದೇ, ಮರಳು ಅದೇ, ಬದಲಾದದ್ದು ನೀರಿನಲ್ಲಿ ಕಬ್ಬಿಣ ಇದ್ದ ರೂಪ ಮಾತ್ರ.

ಮರಳನ್ನು ಕಡೆಗಣಿಸಬಾರದು ಅನ್ನೋಕೆ ಇಲ್ಲೊಂದು ಹಳೇ ಕಥೆ ಹೇಳಲೇಬೇಕು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂದು 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡಂತಿದ್ದ ಆಲ್ಟೋನಾ ಊರಿನವರೂ ಅದೇ ಎಲ್ಬೆ ನದಿಯ ನೀರನ್ನು, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಕೆಳಹರಿವಿನ ನೀರನ್ನು ಕುಡಿಯುತ್ತಿದ್ದರು. ಅಲ್ಲಿ ಸಾವು ಬಹಳ ಕಡಿಮೆ. ವ್ಯತ್ಯಾಸ ಇಷ್ಟೇ: ಆಲ್ಟೋನಾದಲ್ಲಿ ನೀರು ಮರಳಿನ ಹಾಸಿನ ಮೂಲಕ ಹಾದು ಬರುತ್ತಿತ್ತು, ಹ್ಯಾಂಬರ್ಗ್‌ನ ಆಡಳಿತ ಅಂಥದ್ದೊಂದನ್ನು ಕಟ್ಟಿ ಮುಗಿಸಿರಲಿಲ್ಲ. ಆದರೆ ಆ ಮರಳು ಬೇರೆ ಜಾತಿಯದು. ಅದರಲ್ಲಿ ನೀರು ಗಂಟೆಗೆ ಹತ್ತಿಪ್ಪತ್ತು ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತೆ. ಹಾಸಿನ ಮೇಲ್ಪದರದಲ್ಲಿ ವಾರಗಟ್ಟಲೆ ಬೆಳೆದ ಜೀವಿಗಳ ಲೋಳೆಯಂಥ ಪೊರೆಯೊಂದು ರೋಗಾಣುಗಳನ್ನು ತಿಂದು ಮುಗಿಸುತ್ತೆ. ನಮ್ಮ ಸಿಲಿಂಡರ್‌ನಲ್ಲಿ ನೀರು ಗಂಟೆಗೆ ಹನ್ನೆರಡು ಮೀಟರ್ ಓಡುತ್ತೆ. ಆ ಓಟದಲ್ಲಿ ಯಾವ ಪೊರೆಯೂ ಕೂರಲ್ಲ, ರೋಗಾಣುಗಳೂ ನಿಲ್ಲಲ್ಲ. ಆದ್ದರಿಂದ ‘ಮರಳು ನೀರನ್ನು ಶುದ್ಧ ಮಾಡುತ್ತೆ’ ಅನ್ನೋ ಅಜ್ಜಿಯ ಮಾತು ನದಿ ಪಾತ್ರದ ಒರತೆಗೆ ಸರಿ, ಬೇಸ್‌ಮೆಂಟಿನ ಸಿಲಿಂಡರಿಗೆ ಅಲ್ಲ.

ಇನ್ನು ಕಾರ್ಬನ್. ಇದು ತೆಂಗಿನ ಚಿಪ್ಪನ್ನು ಗಾಳಿ ಇಲ್ಲದೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನ ಮೇಲೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿ ಹಾಯಿಸಿ ಮಾಡಿದ್ದು. ಒಲೆಯ ಇದ್ದಿಲಿನಲ್ಲೂ ರಂಧ್ರಗಳಿರುತ್ತವೆ, ಆದರೆ ಬಹುಪಾಲು ಡಾಂಬರಿನಂಥ ಜಿಡ್ಡಿನಿಂದ ಮುಚ್ಚಿಹೋಗಿರುತ್ತವೆ. ನೀರಾವಿ ಆ ಜಿಡ್ಡನ್ನು ತೊಳೆದು, ಒಳಗೆ ಇನ್ನೂ ಸಾವಿರಾರು ಸಣ್ಣ ಗುಹೆ ಕೊರೆಯುತ್ತೆ. ಒಳ್ಳೆಯ ಕಾರ್ಬನ್‌ನ ಒಂದೇ ಒಂದು ಗ್ರಾಮಿನ ಒಳಮೈ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಕಾಲು ಎಕರೆ ಆಗುತ್ತೆ. ಶಾಲೆಯ ಪಾಠದಲ್ಲಿ ಬರುವ ಇದ್ದಿಲು-ಮರಳಿನ ಮಡಕೆ ಫಿಲ್ಟರಿಗೂ ಇದಕ್ಕೂ ಇರುವ ಅಂತರ ಈ ಕಾಲು ಎಕರೆಯದು.

ಈ ಒಳಮೈಗೆ ಯಾರು ಅಂಟುತ್ತಾರೆ? ನೀರಿನ ಜೊತೆ ಅಷ್ಟಾಗಿ ಹೊಂದಿಕೊಳ್ಳದವರು. ಅನೇಕ ಕೀಟನಾಶಕಗಳು, ಪೆಟ್ರೋಲಿನಂಥ ಎಣ್ಣೆಯಂಶ, ಕೆರೆ ನೀರಿಗೆ ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್ ಎಲ್ಲ ಈ ಗುಂಪಿನವು. ಜಿಯೋಸ್ಮಿನ್ ಅಂದ್ರೆ ಮೊದಲ ಮಳೆಗೆ ನೆಲದಿಂದ ಏಳುವ ಘಮ ಇದೆಯಲ್ಲ, ಅದೇ ವಸ್ತು. ಒಂದು ಲೀಟರ್‌ನಲ್ಲಿ ಗ್ರಾಮಿನ ಶತಕೋಟಿಯ ಹತ್ತು ಭಾಗದಷ್ಟಿದ್ದರೂ ಮೂಗು ಹಿಡಿದುಬಿಡುತ್ತೆ. ಮಳೆಯಲ್ಲಿ ಹಿತ, ಲೋಟದಲ್ಲಿ ಕಿರಿಕಿರಿ. ಇವೆಲ್ಲ ನೀರಿನಲ್ಲಿ ಒಲ್ಲದ ಮನಸ್ಸಿನಿಂದ ಕರಗಿರುವಂಥವು, ಕಾರ್ಬನ್‌ನ ಮೈ ಸಿಕ್ಕರೆ ಅಲ್ಲೇ ಕೂತುಬಿಡುತ್ತವೆ. ಕ್ಲೋರಿನ್‌ನ ಬ್ಲೀಚಿಂಗ್ ವಾಸನೆಯನ್ನೂ ಕಾರ್ಬನ್ ತೆಗೆಯುತ್ತೆ, ಆದರೆ ಅಲ್ಲಿ ನಡೆಯೋದು ಅಂಟುವಿಕೆಗಿಂತ ಹೆಚ್ಚಾಗಿ ರಾಸಾಯನಿಕ ಕ್ರಿಯೆ. ಕಾರ್ಬನ್ ಕ್ಲೋರಿನನ್ನು ನಿರುಪದ್ರವಿ ಕ್ಲೋರೈಡ್ ಆಗಿ ಬದಲಿಸಿಬಿಡುತ್ತೆ, ಅದೂ ಬಹಳ ಬೇಗ.

ನೈಟ್ರೇಟ್, ಫ್ಲೋರೈಡ್, ಗಡಸುತನದ ಕ್ಯಾಲ್ಸಿಯಂ ಇವು ಮಾತ್ರ ಇನ್ನೊಂದು ಕುಲ. ಇವುಗಳಿಗೆ ವಿದ್ಯುದಂಶ ಇದೆ, ನೀರಿನ ಅಣುಗಳು ಇವುಗಳನ್ನು ಸುತ್ತುವರಿದು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಕಾರ್ಬನ್ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬಟ್ಟೆಯಲ್ಲಿ ಎಷ್ಟು ಸೋಸಿದರೂ, ಇದ್ದಿಲು ತಂದು ಅದ್ದಿದರೂ ಉಪ್ಪು ಕಡಿಮೆಯಾಗಲ್ಲ ಅಲ್ವಾ, ಇದೂ ಹಾಗೇ.

ನಿಜವಾದ ಅಪಾಯ ನನಗೆ ಕಾಣೋದು ಇಲ್ಲಿ. ಬೆಂಗಳೂರಿನಂಥ ಊರಿನಲ್ಲಿ ಬೋರ್‌ವೆಲ್‌ಗೆ ನೈಟ್ರೇಟ್ ಬರುವ ದೊಡ್ಡ ದಾರಿ ನೆಲಕ್ಕೆ ಇಂಗುವ ಕೊಳಚೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ನೈಟ್ರೇಟ್ ಮಿತಿ ಮೀರಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ಮಿತಿ. ಬೇರೆ ಕೆಲವು ಅಂಶಗಳಿಗೆ ‘ಬೇರೆ ಮೂಲ ಇಲ್ಲದಿದ್ದರೆ ಇಷ್ಟರವರೆಗೆ ಪರವಾಗಿಲ್ಲ’ ಎಂಬ ವಿನಾಯಿತಿ ಇದೆ, ನೈಟ್ರೇಟ್‌ಗೆ ಆ ವಿನಾಯಿತಿಯೂ ಇಲ್ಲ, ಏಕೆಂದರೆ ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅದು ಅಡ್ಡಿ ಮಾಡಬಲ್ಲದು. ಈಗ ಕೊಳಚೆ ಬೆರೆತ ನೀರು ಸಂಪಿಗೆ ಬಂತು ಅಂದುಕೊಳ್ಳಿ. ಮರಳು ಅದರ ಗಸಿ ತೆಗೆಯಿತು. ಕಾರ್ಬನ್ ವಾಸನೆಯ ದೊಡ್ಡ ಪಾಲನ್ನು ತೆಗೆಯಿತು. ನೈಟ್ರೇಟ್ ಹಾಗೇ ಉಳಿಯಿತು, ರೋಗಾಣು ಹಾಗೇ ಉಳಿಯಿತು. ‘ಕುಡೀಬೇಡ’ ಅಂತ ಮೂಗು ಕೊಡುತ್ತಿದ್ದ ಎಚ್ಚರಿಕೆ ಮಾತ್ರ ಹೋಯಿತು. ಕುದಿಸಿದರೆ ರೋಗಾಣು ಸಾಯುತ್ತೆ ನಿಜ. ನೈಟ್ರೇಟ್ ಸಾಯಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಆದ್ದರಿಂದ ಚರಂಡಿ ವಾಸನೆ ಬಂದ ದಿನ ಫಿಲ್ಟರ್ ಕಡೆ ನೋಡೋದಲ್ಲ, ಆ ಟ್ಯಾಂಕರನ್ನು ವಾಪಸ್ ಕಳಿಸೋದು, ಇಲ್ಲಾ ಸಂಪು ಎಲ್ಲಿ ಸೋರುತ್ತಿದೆ ಎಂದು ಹುಡುಕೋದು.

ಸಿದ್ಧಾಂತ ಸಾಕು, ನಮ್ಮ ಬಿಲ್ಡಿಂಗಿನ ಲೆಕ್ಕವನ್ನೇ ಮುಂದಿಡುತ್ತೇನೆ. 24 ಮನೆ, ಸುಮಾರು 96 ಜನ, ದಿನಕ್ಕೆ 12,000 ಲೀಟರ್‌ನ ಒಂದು ಟ್ಯಾಂಕರ್. ಸಿಲಿಂಡರ್ ಅಡ್ಡಳತೆ 45 ಸೆಂಟಿಮೀಟರ್. ಪಂಪ್ ಗಂಟೆಗೆ 2,000 ಲೀಟರ್ ತಳ್ಳುತ್ತೆ, ಅಂದರೆ ಆರು ಗಂಟೆಯಲ್ಲಿ ಟ್ಯಾಂಕರ್ ಪೂರ್ತಿ ಮೇಲೇರುತ್ತೆ. ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಮಣ್ಣಿದೆ ಅಂತಿಟ್ಟುಕೊಳ್ಳೋಣ, ಇದು ಕಣ್ಣಿಗೆ ತೆಳು ಮಸುಕಾಗಿ ಕಾಣುವಷ್ಟೇ. ಹನ್ನೆರಡು ಸಾವಿರ ಲೀಟರ್‌ಗೆ ಅದು 240 ಗ್ರಾಂ. ದಿನಕ್ಕೆ ಕಾಲು ಕೆಜಿ ಮಣ್ಣು ನಮ್ಮ ಬೇಸ್‌ಮೆಂಟಿಗೆ ಬರುತ್ತಿದೆ, ಒಂದು ಭಾಗವನ್ನು ಮರಳು ಹಿಡಿದಿಟ್ಟುಕೊಳ್ಳುತ್ತಿದೆ. ಹಿಡಿದದ್ದನ್ನು ಹೊರಗೆ ಹಾಕದಿದ್ದರೆ ಸಂದಿಗಳು ಕಿರಿದಾಗುತ್ತವೆ, ನೀರಿನ ಓಟ ಜೋರಾಗುತ್ತೆ, ಒಂದು ಹಂತದಲ್ಲಿ ಅಂಟಿದ್ದ ಮಣ್ಣೇ ಕಿತ್ತುಕೊಂಡು ಮೇಲಿನ ಟ್ಯಾಂಕಿಗೆ ಹೋಗುತ್ತೆ.

ಹೊರಗೆ ಹಾಕೋದಕ್ಕೇ ಬ್ಯಾಕ್‌ವಾಶ್. ವಾಲ್ವ್ ತಿರುಗಿಸಿ ನೀರನ್ನು ತಳದಿಂದ ಮೇಲಕ್ಕೆ ಹತ್ತು ನಿಮಿಷ ಹಾಯಿಸಬೇಕು. ಮರಳಿನ ಹಾಸು ಅನ್ನ ಕುದಿಯುವಾಗ ಉಬ್ಬುವ ಹಾಗೆ ಉಬ್ಬಿ, ಕಾಳುಗಳು ಒಂದಕ್ಕೊಂದು ತಿಕ್ಕಿ, ಮಣ್ಣು ಬಿಟ್ಟುಕೊಡಬೇಕು. ಹಾಗೆ ಉಬ್ಬೋಕೆ ಮಾಮೂಲಿಗಿಂತ ಸುಮಾರು ಮೂರು ಪಟ್ಟು ವೇಗದ ನೀರು ಬೇಕು. ನಮ್ಮ ಸಿಲಿಂಡರಿಗೆ ಅದು ಗಂಟೆಗೆ 5,500 ಲೀಟರ್ ಆಸುಪಾಸು. ಇರುವ ಪಂಪು ಎರಡು ಸಾವಿರದ್ದು! ಎಷ್ಟೋ ಕಡೆ ಇದೇ ಕಥೆ: ಬ್ಯಾಕ್‌ವಾಶ್ ಅಂತ ಮಾಡುತ್ತಾರೆ, ಕೊಳೆ ನೀರು ಸ್ವಲ್ಪ ಹೊರಗೆ ಬರುತ್ತೆ, ಮರಳು ಮಾತ್ರ ಅಲುಗಾಡಿರಲ್ಲ. ಆರು ತಿಂಗಳಿಗೆ ಒಳಗೆ ಮಣ್ಣಿನ ಉಂಡೆಗಳು ಕಟ್ಟುತ್ತವೆ, ನೀರು ಉಂಡೆಗಳ ಪಕ್ಕದಲ್ಲಿ ಕಾಲುವೆ ಮಾಡಿಕೊಂಡು ಸೋಸದೇ ಇಳಿದುಬಿಡುತ್ತೆ. ಪತ್ತೆ ಮಾಡೋದು ಸುಲಭ. ಸಿಲಿಂಡರಿನ ಒಳಗೆ ಹೋಗುವ ಕಡೆ, ಹೊರಗೆ ಬರುವ ಕಡೆ ಒಂದೊಂದು ಪ್ರೆಶರ್ ಗೇಜ್ ಹಾಕಿಸಿ. ತೊಳೆದ ಮರಳಿನಲ್ಲಿ ಎರಡರ ನಡುವಿನ ಅಂತರ ಕಡಿಮೆ ಇರುತ್ತೆ. ಅರ್ಧ ಕೆಜಿಗಿಂತ ಹೆಚ್ಚಾದರೆ ಬ್ಯಾಕ್‌ವಾಶ್ ಸಮಯ ಬಂತು. ಅಂತರ ಕಡಿಮೆಯೇ ಇದ್ದೂ ನೀರು ಮಸುಕಾಗಿದ್ದರೆ ಒಳಗೆ ಕಾಲುವೆ ಕೊರೆದಿರಬಹುದು, ಮುಚ್ಚಳ ತೆಗೆಸಿ ಮರಳು ನೋಡಿ. ನಮ್ಮಲ್ಲಿ ಕೊನೆಗೆ ಎರಡನೇ ಪಂಪನ್ನು ಬ್ಯಾಕ್‌ವಾಶ್‌ಗೆಂದೇ ಜೋಡಿಸಬೇಕಾಯ್ತು.

ಬ್ಯಾಕ್‌ವಾಶ್ ಮಾಡಲು ಅಸೋಸಿಯೇಷನ್‌ಗಳು ಹಿಂದೇಟು ಹಾಕೋದಕ್ಕೆ ಇನ್ನೊಂದು ಕಾರಣ ದುಡ್ಡು. ಒಂದು ಸಲಕ್ಕೆ ಸುಮಾರು 900 ಲೀಟರ್ ನೀರು ಹೋಗುತ್ತೆ. ಬೇಸಿಗೆಯಲ್ಲಿ, ಟ್ಯಾಂಕರ್‌ಗೆ ಫೋನ್ ಮಾಡಿದರೆ ಎತ್ತದೇ ಇರುವಾಗ, 900 ಲೀಟರ್ ಚರಂಡಿಗೆ ಬಿಡು ಅಂದರೆ ಸೆಕ್ಯುರಿಟಿಯವರೇ ಬೈಯುತ್ತಾರೆ. ಅದನ್ನು ಒಂದು ಡ್ರಮ್ಮಿನಲ್ಲಿ ಹಿಡಿದು ಗಸಿ ಕೂರಿಸಿ ಗಿಡಕ್ಕೆ, ಪಾರ್ಕಿಂಗ್ ತೊಳೆಯೋಕೆ ಬಳಸಬಹುದು. ನೀರು ಕಡಿಮೆ ಇದ್ದಷ್ಟೂ ಬೋರ್ ಆಳದಿಂದ ಮಣ್ಣು ಹೆಚ್ಚು ಬರುತ್ತೆ, ಅದೇ ಹೊತ್ತಿಗೆ ಫಿಲ್ಟರ್ ತೊಳೆಯೋದು ದುಬಾರಿಯಾಗುತ್ತೆ. ಬಡ ಬಡಾವಣೆಗಳಲ್ಲಿ ಈ ಸಿಲಿಂಡರ್‌ಗಳೇ ಇಲ್ಲ, ಸೀರೆ ಅಂಚು ಮಡಚಿ ನಲ್ಲಿಗೆ ಕಟ್ಟಿರುತ್ತಾರೆ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು.

ಎರಡನೇ ಸಿಲಿಂಡರಿಗೆ ಬರೋಣ. ಅದರಲ್ಲಿ ಸುಮಾರು 120 ಲೀಟರ್‌ನಷ್ಟು ಜಾಗದಲ್ಲಿ 60 ಕೆಜಿ ಕಾರ್ಬನ್ ಇದೆ. ನಿಮಿಷಕ್ಕೆ 33 ಲೀಟರ್ ಹರಿವು ಅಂದರೆ ನೀರಿಗೂ ಕಾರ್ಬನ್‌ಗೂ ಮೂರೂವರೆ ನಿಮಿಷದಷ್ಟು ಒಡನಾಟ. ಕ್ಲೋರಿನ್ ತೆಗೆಯಲು ಇದು ಧಾರಾಳ. ಕೀಟನಾಶಕದಂಥ ವಸ್ತು ಆ ಸಣ್ಣ ಗುಹೆಗಳ ಒಳಗೆ ತೂರಿ ಕೂರಲು ಹೆಚ್ಚು ಸಮಯ ಬೇಕು, ಅದಕ್ಕೆ ಹತ್ತು ನಿಮಿಷದ ಆಸುಪಾಸು ಕೊಡೋದು ವಾಡಿಕೆ. ಅಂದ್ರೆ ನಮ್ಮ ಕಾರ್ಬನ್ ವಾಸನೆಗೆ ಸೈ, ಕೀಟನಾಶಕದ ಭರವಸೆ ಅದರಿಂದ ಕೊಡೋಕಾಗಲ್ಲ. ಪಂಪಿನ ವಾಲ್ವನ್ನು ಅರ್ಧ ಮುಚ್ಚಿ ನಿಧಾನ ಹರಿಸಿದರೆ ಅದೇ ಕಾರ್ಬನ್ ಹೆಚ್ಚು ಕೆಲಸ ಮಾಡುತ್ತೆ ಅನ್ನೋದನ್ನು ಸೇಲ್ಸ್‌ನವರು ಹೇಳಿದ್ದು ನಾನಂತೂ ಕೇಳಿಲ್ಲ.

ಮರಳು ಮೊದಲು, ಕಾರ್ಬನ್ ಆಮೇಲೆ. ಈ ಕ್ರಮ ತಿರುಗಿದರೆ ದಿನಕ್ಕೆ ಕಾಲು ಕೆಜಿ ಮಣ್ಣು ಹೋಗಿ ಆ ಗುಹೆಗಳ ಬಾಯಿಗೆ ಮೆತ್ತಿಕೊಳ್ಳುತ್ತೆ, ದುಬಾರಿ ಕಾರ್ಬನ್ ಮರಳಿನ ಕೆಲಸ ಮಾಡುತ್ತಾ ಸಾಯುತ್ತೆ. ಇನ್ನೊಂದು ಮುಖ್ಯ ವ್ಯತ್ಯಾಸ: ಮರಳನ್ನು ತೊಳೆದರೆ ಹೊಸದಾಗುತ್ತೆ, ಕಾರ್ಬನನ್ನು ತೊಳೆದರೆ ಹೊಸದಾಗಲ್ಲ. ಬ್ಯಾಕ್‌ವಾಶ್ ಅದರ ಮೇಲಿನ ಧೂಳು ತೆಗೆಯುತ್ತೆ ಅಷ್ಟೇ, ಒಳಗೆ ಕೂತದ್ದು ಕೂತೇ ಇರುತ್ತೆ. ಕಾರ್ಬನನ್ನು ಟೆರೇಸಿನಲ್ಲಿ ಹರವಿ ಒಣಗಿಸಿ ಮತ್ತೆ ತುಂಬುವ ಪ್ಲಂಬರ್‌ಗಳಿದ್ದಾರೆ. ಅದನ್ನು ನಿಜವಾಗಿ ಹೊಸದು ಮಾಡೋಕೆ ಕುಲುಮೆಯ ನೂರಾರು ಡಿಗ್ರಿ ಬೇಕು, ಏಪ್ರಿಲ್ ಬಿಸಿಲು ಸಾಲದು. ಮುಗಿದದ್ದು ಗೊತ್ತಾಗೋದು ಹೇಗೆ? ಸಂಪಿಗೆ ಕ್ಲೋರಿನ್ ಹಾಕಿದ ದಿನ, ಕಾರ್ಬನ್‌ನ ಮುಂದೆ ಮತ್ತು ಹಿಂದೆ ಒಂದೊಂದು ಲೋಟ ನೀರು ಹಿಡಿದು ಈಜುಕೊಳಗಳಿಗೆ ಮಾರುವ ಕ್ಲೋರಿನ್ ಟೆಸ್ಟ್ ಕಿಟ್‌ನ ಹನಿ ಹಾಕಿ. ಮುಂದಿನ ಲೋಟ ಹಳದಿ ಆಗಿ, ಹಿಂದಿನದು ಬಣ್ಣವಿಲ್ಲದೆ ಉಳಿದರೆ ಕಾರ್ಬನ್ ಜೀವಂತ. ಎರಡೂ ಹಳದಿ ಆದರೆ ಬದಲಿಸುವ ಕಾಲ. ಬೇರೆ ರಾಸಾಯನಿಕಗಳಿಗೆ ಅದು ಇದಕ್ಕೂ ಮೊದಲೇ ಸೋತಿರುತ್ತೆ.

ಆದರೆ ಆ ಬಣ್ಣವಿಲ್ಲದ ಲೋಟವನ್ನು ಇನ್ನೊಮ್ಮೆ ನೋಡಿ. ಕ್ಲೋರಿನ್ ಹೋಗಿದೆ ಅಂದರೆ ಕಾವಲುಗಾರ ಹೋಗಿದ್ದಾನೆ. ನಲ್ಲಿಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಮಾನಕ ಹೇಳೋದು ದಾರಿಯಲ್ಲಿ ಸೇರಿಕೊಳ್ಳುವ ರೋಗಾಣುಗಳಿಗಾಗಿ. ನಾವು ಬೇಸ್‌ಮೆಂಟಿನಲ್ಲೇ ಅದನ್ನು ಕಾರ್ಬನ್‌ಗೆ ತಿನ್ನಿಸಿ, ಬರಿಗೈ ನೀರನ್ನು ಬಿಸಿಲಿಗೆ ಕಾದ ಓವರ್‌ಹೆಡ್ ಟ್ಯಾಂಕಿಗೆ ಕಳಿಸುತ್ತೇವೆ. ಸಾಲದ್ದಕ್ಕೆ ಕಾರ್ಬನ್ ಹಾಸಿನಲ್ಲಿ ಅಂಟಿದ ಸಾವಯವ ವಸ್ತುವೇ ಬ್ಯಾಕ್ಟೀರಿಯಾಗಳಿಗೆ ಊಟ, ಅಲ್ಲೇ ಸಂಸಾರ ಹೂಡುತ್ತವೆ. ಕಾವೇರಿ ನೀರು ಬರುವ ಮನೆಗಳಲ್ಲಿ ಇಡೀ ಕಟ್ಟಡಕ್ಕೆ ಕಾರ್ಬನ್ ಹಾಕಿಸೋದು ನನ್ನ ಪ್ರಕಾರ ದುಡ್ಡು ಕೊಟ್ಟು ಸುರಕ್ಷತೆ ಕಳೆದುಕೊಳ್ಳುವ ಕೆಲಸ. ಬ್ಲೀಚಿಂಗ್ ರುಚಿ ಹಿಡಿಸದಿದ್ದರೆ ಅಡುಗೆಮನೆಯ ನಲ್ಲಿಯಲ್ಲಿ, ಕುಡಿಯುವ ನೀರಿಗೆ ಮಾತ್ರ ಸಣ್ಣ ಕಾರ್ಬನ್ ಸಾಕು, ರಾತ್ರಿಯಿಡೀ ನಿಂತಿದ್ದ ಮೊದಲ ಎರಡು ಲೋಟವನ್ನು ಬೆಳಗ್ಗೆ ಚೆಲ್ಲಿ ಬಳಸಿದರೆ ಆಯ್ತು. ಕಟ್ಟಡಕ್ಕೇ ಕಾರ್ಬನ್ ಬೇಕಾಗಿರುವ ಬೋರ್, ಟ್ಯಾಂಕರ್ ನೀರಾದರೆ ಕಾರ್ಬನ್ ದಾಟಿದ ಮೇಲೆ ಇನ್ನೊಮ್ಮೆ ಕ್ಲೋರಿನ್ ಸೇರಿಸಬೇಕು. ಹನಿಹನಿಯಾಗಿ ಹಾಕುವ ಸಣ್ಣ ಡೋಸಿಂಗ್ ಪಂಪ್ ಬರುತ್ತೆ.

ಮಾರಾಟಗಾರರ ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು. ಪೆನ್ನಿನಂಥ ಆ ಮೀಟರ್ ಅಳೆಯೋದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತೆ ಅನ್ನೋದನ್ನು, ಅಂದರೆ ಒಟ್ಟು ಲವಣದ ಅಂದಾಜನ್ನು. ಮರಳು, ಕಾರ್ಬನ್ ಎರಡೂ ಲವಣ ಮುಟ್ಟಲ್ಲವಾದ್ದರಿಂದ ಅದರ ಅಂಕಿ ಮುಂದೂ ಹಿಂದೂ ಒಂದೇ ಇರುತ್ತೆ. ಅದನ್ನು ತೋರಿಸಿ ‘ನಿಮ್ಮ ಫಿಲ್ಟರ್ ಏನೂ ಮಾಡ್ತಿಲ್ಲ, ಆರ್‌ಒ ಹಾಕಿಸಿ’ ಅನ್ನೋದು ಮೋಸ. ಬಗ್ಗಡ, ವಾಸನೆ, ಕೀಟನಾಶಕ, ರೋಗಾಣು ಯಾವುದೂ ಆ ಅಂಕಿಯಲ್ಲಿಲ್ಲ. ನೈಟ್ರೇಟ್ ಕೂಡ ಬೇರೆ ಲವಣಗಳ ಗುಂಪಿನಲ್ಲಿ ಅಡಗಿರುತ್ತೆ, ಅದೊಂದನ್ನೇ ಅದು ತೋರಿಸಲ್ಲ. ನೈಟ್ರೇಟ್ ಅಥವಾ ಫ್ಲೋರೈಡ್ ಮಿತಿ ಮೀರಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ ಕುಡಿಯುವ ನೀರಿಗೆ ಆರ್‌ಒ ಬೇಕಾಗಬಹುದು.

ಕೋಲಾರ, ಪಾವಗಡ ಕಡೆಯ ಹಳ್ಳಿಗಳ ‘ಶುದ್ಧ ಕುಡಿಯುವ ನೀರಿನ ಘಟಕ’ಗಳಲ್ಲಿ ಆರ್‌ಒ ಇರೋದು ಫ್ಲೋರೈಡ್‌ಗಾಗಿಯೇ. ಆ ಶೆಡ್ಡಿನೊಳಗೆ ಇಣುಕಿದರೆ ಆರ್‌ಒ ಮುಂದೆ ಅದೇ ಅಣ್ಣತಮ್ಮಂದಿರು ನಿಂತಿರುತ್ತಾರೆ. ಆರ್‌ಒ ಪೊರೆಗೆ ಮಣ್ಣು ತಾಕಿದರೆ ಕಟ್ಟಿಕೊಳ್ಳುತ್ತೆ, ಅದಕ್ಕೆ ಮರಳು. ಕ್ಲೋರಿನ್ ತಾಕಿದರೆ ಪೊರೆಯೇ ಹಾಳಾಗುತ್ತೆ, ಅದಕ್ಕೆ ಕಾರ್ಬನ್. ಬ್ಯಾಕ್‌ವಾಶ್ ಮಾಡುವವರಿಲ್ಲದೆ, ಕಾರ್ಬನ್ ಬದಲಿಸಲು ದುಡ್ಡಿಲ್ಲದೆ ಮೊದಲ ಎರಡು ಸಿಲಿಂಡರ್ ಸತ್ತರೆ, ಕೆಲ ಕಾಲದಲ್ಲೇ ಮೂರನೆಯದಾದ ದುಬಾರಿ ಪೊರೆಯೂ ಸಾಯುತ್ತೆ. ಆಮೇಲೆ ಘಟಕಕ್ಕೆ ಬೀಗ. ಉದ್ಘಾಟನೆಯ ಫಲಕದಲ್ಲಿ ಘಟಕದ ವೆಚ್ಚ ಬರೆದಿರುತ್ತೆ, ಮರಳು ತೊಳೆಯುವವರ ಸಂಬಳ ಯಾರು ಕೊಡುತ್ತಾರೆ ಅಂತ ಬರೆದಿರಲ್ಲ.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಿದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿತ್ತು. 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ, 10 ಕಿಲೋಮೀಟರ್‌ವರೆಗೆ 1,200. ಆ ದರಪಟ್ಟಿಯಲ್ಲಿದ್ದದ್ದು ಲೀಟರ್, ಕಿಲೋಮೀಟರ್, ರೂಪಾಯಿ. ಅದರ ಪಕ್ಕ ಇನ್ನು ಮೂರು ಕಾಲಂ ಬೇಕಿತ್ತು: ಬಗ್ಗಡ ಎಷ್ಟು, ಉಳಿಕೆ ಕ್ಲೋರಿನ್ ಎಷ್ಟು, ನೈಟ್ರೇಟ್ ಎಷ್ಟು. ಇದನ್ನು ಅಳೆಯೋದು ರಾಕೆಟ್ ವಿಜ್ಞಾನವೇನಲ್ಲ. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಕೊಡುವ ಫೀಲ್ಡ್ ಟೆಸ್ಟ್ ಕಿಟ್‌ನಲ್ಲಿ ಈ ಮೂರೂ ಇವೆ, ಪ್ರತಿ ಹಳ್ಳಿಯಲ್ಲಿ ಐದು ಮಂದಿ ಮಹಿಳೆಯರಿಗೆ ಅದನ್ನು ಬಳಸುವ ತರಬೇತಿ ಕೊಡಬೇಕು ಅನ್ನೋದು ಆ ಯೋಜನೆಯ ನಿಯಮವೇ. ಹಳ್ಳಿಯ ಅಕ್ಕಂದಿರ ಕೈಯಲ್ಲಿ ನಿಮಿಷಗಳಲ್ಲಿ ಆಗುವ ಪರೀಕ್ಷೆ ಟ್ಯಾಂಕರ್ ತುಂಬುವ ಬೋರ್‌ವೆಲ್ ಪಾಯಿಂಟ್‌ನಲ್ಲಿ ಆಗದಿರೋಕೆ ತಾಂತ್ರಿಕ ಕಾರಣ ಇಲ್ಲ. ಅಲ್ಲಿಯವರೆಗೆ ಟ್ಯಾಂಕರ್‌ನವರನ್ನು ಕೇಳಬಹುದಾದ ಪ್ರಶ್ನೆ ಎರಡು: ನೀರು ಯಾವ ಬೋರಿನದು, ಆ ಬೋರಿನ ನೈಟ್ರೇಟ್ ರಿಪೋರ್ಟ್ ಎಲ್ಲಿದೆ? ನಮ್ಮ ಬಿಲ್ಡಿಂಗಿಗೆ ಬರುವ ಮೂವರಲ್ಲಿ ಒಬ್ಬರು ಮೊದಲನೆಯದಕ್ಕೆ ಉತ್ತರ ಕೊಟ್ಟಿದ್ದಾರೆ.